ರೊಟ್ಟಿಯ ಷರತ್ತು

ಹಲಸೂರಿನಲ್ಲಿ ಛಾಪಾ ಕಾಗದ ಮಾರುವ ಅಂಗಡಿಯ ಪಕ್ಕದ ಜಗುಲಿಯ ಮೇಲೆ ಕರೀಂ ಸಾಬರ ಟೈಪಿಂಗ್ ಮೇಜು ಇತ್ತು. ಅದರ ಮುಂದಿನ ಬೆಂಚಿನಲ್ಲಿ ಸುಭದ್ರಮ್ಮ ಒಂಬತ್ತು ಗಂಟೆಗೇ ಬಂದು ಕೂತಿದ್ದಳು. ತೊಡೆಯ ಮೇಲೆ ಚೀಲ. ಚೀಲದೊಳಗೆ ರೊಟ್ಟಿ ಸುತ್ತುವ ಬಿಳಿ ಬಟ್ಟೆ, ಬಟ್ಟೆಯೊಳಗೆ ಹದಿನೈದು ಸಾವಿರದ ಐನೂರು ರೂಪಾಯಿ. ಮಹದೇವಪುರದಿಂದ ಎರಡು ಬಸ್ಸು ಬದಲಿಸಿ ಬರುವಾಗ ದಾರಿಯುದ್ದಕ್ಕೂ ಆ ಚೀಲವನ್ನು ಎದೆಗೆ ಅವುಚಿಕೊಂಡೇ ನಿಂತಿದ್ದಳು. ಈಗ ಕೂತ ಮೇಲೂ ಕೈ ಸಡಿಲವಾಗಲಿಲ್ಲ.

ಅಂದು ಮೇ ಇಪ್ಪತ್ತೆಂಟು, ತೊಂಬತ್ತೆಂಟನೇ ಇಸವಿ. ಮೂವತ್ತೊಂದಕ್ಕೆ ಮಹದೇವಪುರದ ಕೋಣೆ ಬಿಡಬೇಕಿತ್ತು. ಅಲ್ಲಿ ನಾಲ್ಕು ವರ್ಷ ರೊಟ್ಟಿ ಬಡಿದು ಮಾರಿದ್ದಳು. ಕೋಣೆ ಕೊಟ್ಟ ಅಜ್ಜಿ, "ಮಾಡ್ಕೋ ತಾಯಿ, ಹೊಟ್ಟೆಪಾಡು" ಎಂದಿದ್ದಳು. ಅಜ್ಜಿ ಹೋದಳು. ಮಗ ಬಂದು, "ಮನೇನಾ, ಹೋಟ್ಲಾ ಇದು? ಯಾರು ಒಪ್ಪಿಗೆ ಕೊಟ್ಟೋರು, ಕಾಗದ ತೋರ್ಸಿ" ಎಂದ. ಕಾಗದದಲ್ಲಿ ಅದೇನೂ ಇರಲಿಲ್ಲ. ಅದಕ್ಕೂ ಮುಂಚೆ ಕೆ.ಆರ್. ಪುರದಲ್ಲಿಯೂ ಹೀಗೇ ಆಗಿತ್ತು. ಗಂಡ ಭಗವಂತರಾಯ ಒಂದು ಗೋದಾಮಿನ ವಾಚ್‌ಮನ್. ಅವನ ಸಂಬಳ ಬಾಡಿಗೆಗೂ ಊರಿಗೆ ಕಳಿಸುವುದಕ್ಕೂ ಸರಿಹೋಗುತ್ತಿತ್ತು. ಉಣ್ಣುವುದೆಲ್ಲ ರೊಟ್ಟಿಯ ದುಡ್ಡಿನಲ್ಲಿ.

ಆದ್ದರಿಂದ ಈ ಸಲ ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಸಾಲು. ಈ ಮನೆಯಲ್ಲಿ ರೊಟ್ಟಿ ಮಾಡಿ ಮಾರಬಹುದು ಎಂದು ಕರಾರಿನಲ್ಲಿ ಬರೆದಿರಬೇಕು.

ಮನೆ ಜೀವನಬಿಮಾನಗರದಲ್ಲಿ. ದೊಡ್ಡ ಮನೆಯ ಹಿಂದೆ ಎರಡು ಕೋಣೆಯ ಔಟ್‌ಹೌಸು, ನೀರಿನ ತೊಟ್ಟಿ, ಒಂದು ಕರಿಬೇವಿನ ಗಿಡ. ಬಾಡಿಗೆ ಸಾವಿರದ ಐನೂರು, ಹತ್ತು ತಿಂಗಳ ಅಡ್ವಾನ್ಸು ಹದಿನೈದು ಸಾವಿರ. ತೋರಿಸಿದವನು ಬ್ರೋಕರ್ ಮುನಿರಾಜಪ್ಪ. ತಿಪ್ಪಸಂದ್ರದವನು. ಹಿಂದೆ ಮನೆಮನೆಗೆ ಹಾಲು ಹಾಕುತ್ತಿದ್ದವನಿಗೆ ಯಾವ ಮನೆ ಯಾವಾಗ ಖಾಲಿಯಾಗುತ್ತದೆಂದು ಮಾಲೀಕರಿಗಿಂತ ಮೊದಲೇ ತಿಳಿಯುತ್ತಿತ್ತು. ಎರಡು ವಾರದ ಹಿಂದೆ ಮನೆ ನೋಡಿದ ದಿನವೇ, "ಟೋಕನ್ ಹಾಕಿ ಅಕ್ಕ, ಇಲ್ದಿದ್ರೆ ಸಂಜೆಗೆ ಹೋಗ್ಬಿಡುತ್ತೆ" ಎಂದಿದ್ದ. ಕೈಯಲ್ಲಿದ್ದ ಸಾವಿರ ರೂಪಾಯಿ ಕೊಟ್ಟಿದ್ದಳು. ಅದನ್ನು ಕಳೆದು ಅಡ್ವಾನ್ಸಿಗೆ ಹದಿನಾಲ್ಕು ಸಾವಿರ, ಬ್ರೋಕರನಿಗೆ ಒಂದು ತಿಂಗಳ ಬಾಡಿಗೆ ಸಾವಿರದ ಐನೂರು. ಚೀಟಿ ಎತ್ತಿ, ಕೂಡಿಸಿ ತಂದ ಲೆಕ್ಕ ಇದು.

ಮುನಿರಾಜಪ್ಪ ಲೂನಾ ನಿಲ್ಲಿಸಿ ಬಂದು ಅವಳ ಪಕ್ಕ ಕೂತ. ಕರೀಂ ಸಾಬರು ಕಾರ್ಬನ್ ಜೋಡಿಸುತ್ತಿದ್ದರು.

"ಅಕ್ಕ, ಒಂದ್ ಮಾತು. ಯಜಮಾನ್ರು ನನಗೆ ಕಮಿಷನ್ ಕೊಡಲ್ಲ ಅಂತವ್ರೆ. ತಾವೇ ಬೋರ್ಡ್ ಹಾಕಿದ್ರಂತೆ. ನಾನು ಅರ್ಧ ತಿಂಗಳಿಗೆ ಇಳಿದೆ, ಆದ್ರೂ ಇಲ್ಲ. ಅವರ ಪಾಲಿನ ಏಳ್ನೂರೈವತ್ತು ನೀವೇ ಹಾಕ್ಬಿಡಿ."

"ಅದ್ಯಾಕ್ರಿ ಅಣ್ಣಾ? ನನ್ನದು ನಾ ಕೊಡ್ತೀನಿ. ಅವರದು ನಾ ಯಾಕ ಕೊಡ್ಲಿ?"

"ರೊಟ್ಟಿ ವಿಷಯ ನಾನು ಅವರಿಗೆ ಹೇಳಿಲ್ಲ." ಅವನು ಧ್ವನಿ ತಗ್ಗಿಸಿದ. "ಗಂಡ ಹೆಂಡ್ತಿ ಇಬ್ರೇ, ಸಸ್ಯಾಹಾರಿಗಳು ಅಂತ ಮಾತ್ರ ಹೇಳಿರೋದು. ಅವರು ವಾಸಕ್ಕೆ ಮಾತ್ರ ಅಂತ ಬರೆಸ್ತಾರೆ. ಬರೆಸ್ಕೊಳ್ಳಲಿ. ಒಳಗೆ ಹೋದ್ಮೇಲೆ ನಿಧಾನಕ್ಕೆ ಶುರು ಮಾಡಿ. ನನ್ ಬಾಯಿಂದ ಆಚೆ ಬರಲ್ಲ."

ಸುಭದ್ರಮ್ಮ ಅವನ ಕಡೆ ತಿರುಗಿ ಕೂತಳು. "ನೀವು ಹೇಳೀನಿ ಅಂದಿದ್ರಲ್ಲ? ಒಪ್ಯಾರ ಅಂದ್ರಿ!"

"ಹೇಳಿದ್ರೆ ಮನೆ ಸಿಕ್ತಿತ್ತಾ? ನಿಮ್ಮೊಳ್ಳೇದಕ್ಕೇ ಮುಚ್ಚಿಟ್ಟಿದ್ದು."

ಅವಳು ಉತ್ತರ ಕೊಡುವಷ್ಟರಲ್ಲಿ ಸ್ಕೂಟರ್ ಬಂದು ನಿಂತಿತು. ಮನೆ ಮಾಲೀಕ ಯಜ್ಞನಾರಾಯಣ ಇಳಿದರು. ವಿಮಾ ಕಚೇರಿಯಿಂದ ನಿವೃತ್ತರಾಗಿ ಎರಡು ವರ್ಷ. ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ರಟ್ಟಿನ ಫೈಲು. ಹಿಂದಿನ ಸೀಟಿನಿಂದ ಅವರ ಹೆಂಡತಿ ಶಾಂತಕುಮಾರಿ ಇಳಿದು ಸೆರಗು ಸರಿಮಾಡಿಕೊಂಡರು.

"ಬೇಗ ಮುಗಿಸೋಣ. ಹನ್ನೆರಡಕ್ಕೆ ಇನ್ನೊಂದು ಪಾರ್ಟಿ ಮನೆ ನೋಡೋಕೆ ಬರ್ತಾರೆ" ಎಂದರು ಯಜ್ಞನಾರಾಯಣ.

ಟೋಕನ್ ಕೊಟ್ಟ ಮನೆಗೆ ಇನ್ನೊಂದು ಪಾರ್ಟಿ ಯಾಕೆ? ಸುಭದ್ರಮ್ಮ ಮುನಿರಾಜಪ್ಪನ ಮುಖ ನೋಡಿದಳು. ಅವನು ಛಾಪಾ ಕಾಗದದ ಹಿಂದೆ ಬರೆದ ಹೆಸರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.

ಯಜ್ಞನಾರಾಯಣರು ಫೈಲಿನಿಂದ ಇಂಗ್ಲಿಷಿನಲ್ಲಿ ಬರೆದ ಎರಡು ಹಾಳೆ ತೆಗೆದರು.

"ಸಾಹೇಬ್ರ, ಕನ್ನಡದಾಗ ಬರೆಸ್ರಿ. ನನಗ ಓದಾಕ ಬರಬೇಕಲ್ಲ" ಎಂದಳು ಸುಭದ್ರಮ್ಮ. ಐದು ವರ್ಷದ ಹಿಂದೆ ಸಾಕ್ಷರತಾ ತರಗತಿಗೆ ಹೋಗಿ ಅಕ್ಷರ ಕಲಿತಿದ್ದಳು. ನಿಧಾನ, ಆದರೆ ಬಿಡದೆ ಓದುತ್ತಿದ್ದಳು.

"ಅಯ್ಯೋ, ನಾನು ಎರಡು ದಿನ ಕೂತು ಡ್ರಾಫ್ಟ್ ಮಾಡಿದ್ದೀನಿ ಕಣಮ್ಮಾ."

"ಕನ್ನಡ ಮಿಷನ್ನೂ ಇದೆ ಸಾಬ್," ಎಂದರು ಕರೀಂ, "ಇಪ್ಪತ್ತು ರೂಪಾಯಿ ಜಾಸ್ತಿ. ನೀವು ಓದಿ, ನಾನು ಕನ್ನಡದಲ್ಲಿ ಹೊಡೀತೀನಿ. ಎಷ್ಟು ಸಾವಿರ ಹೊಡೆದಿದೀನಿ, ನಿಮ್ಮ ಡ್ರಾಫ್ಟೂ ಅದೇ ಇರುತ್ತೆ ಬಿಡಿ."

ಶಾಂತಕುಮಾರಿ ಬಾಯಿಗೆ ಸೆರಗು ಹಿಡಿದು ನಕ್ಕರು. ಕರೀಂ ದೊಡ್ಡ ಯಂತ್ರವನ್ನು ಮುಂದಕ್ಕೆಳೆದುಕೊಂಡರು. ಕೀಲಿಗಳು ಒಂದೊಂದಾಗಿ ಬಡಿಯತೊಡಗಿದವು. ಮಾಲೀಕರ ಹೆಸರು, ಬಾಡಿಗೆದಾರರ ಹೆಸರು. ಭಗವಂತರಾಯನಿಗೆ ರಜೆ ಸಿಕ್ಕಿರಲಿಲ್ಲ, ಹಾಗಾಗಿ ಕರಾರು ಸುಭದ್ರಮ್ಮನ ಹೆಸರಿನಲ್ಲೇ. ಅವಧಿ ಹನ್ನೊಂದು ತಿಂಗಳು. ಬಾಡಿಗೆ ಪ್ರತಿ ತಿಂಗಳ ಐದರೊಳಗೆ. ಬಿಡುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿಯುವುದು. ಕರೆಂಟಿಗೆ ಬೇರೆ ಮೀಟರು.

"ಅಡ್ವಾನ್ಸ್ ಹದಿನೈದು ಸಾವಿರ, ಈ ದಿನ ನಗದಾಗಿ ಸಂದಿದೆ. ಇದಕ್ಕೆ ಬಡ್ಡಿ ಇಲ್ಲ" ಎಂದರು ಯಜ್ಞನಾರಾಯಣ.

"ಇವತ್ತು ಹದಿನಾಲ್ಕು ಸಾವಿರ್ರಿ. ಒಂದ್ ಸಾವಿರ ಮೊದಲೇ ಮುಟ್ಯದಲ್ಲ."

"ಯಾವ ಸಾವಿರ?"

ಟೈಪಿನ ಸದ್ದು ನಿಂತಿತು.

"ಟೋಕನ್ ರಿ. ಹದಿನಾಲ್ಕನೇ ತಾರೀಕಿಗೆ ಮುನಿರಾಜಪ್ಪನವರ ಕೈಯಾಗ ಕೊಟ್ಟೀನಿ, ನಿಮಗ ಮುಟ್ಟಿಸ್ರಿ ಅಂತ."

ಯಜ್ಞನಾರಾಯಣರು ಕನ್ನಡಕ ತೆಗೆದರು. "ನನಗೆ ಒಂದು ಪೈಸಾ ಬಂದಿಲ್ಲ. ಟೋಕನ್ ಇಲ್ಲ ಅಂತಾನೇ ನಾನು ಬೇರೆಯವರಿಗೂ ಮನೆ ತೋರಿಸ್ತಾ ಇರೋದು. ಏನ್ರೀ ಮುನಿರಾಜಪ್ಪ?"

"ಅದು... ಸಾರ್, ಅದು ನನ್ನ ಓಡಾಟದ್ದು. ಪೆಟ್ರೋಲ್ ಇಲ್ವಾ? ಅಕ್ಕನಿಗೆ ಆರು ಮನೆ ತೋರ್ಸಿದೀನಿ. ಕಮಿಷನ್ ಬೇರೆ."

ಸುಭದ್ರಮ್ಮನ ತಲೆಯೊಳಗೆ ಲೆಕ್ಕ ತಾನಾಗಿಯೇ ಓಡಿತು. ಅಡ್ವಾನ್ಸಿಗೆ ಪೂರಾ ಹದಿನೈದು ಸಾವಿರ. ಕಮಿಷನ್ನಿಗೆ ಉಳಿಯುವುದು ಐನೂರು. ಮಾಲೀಕರ ಪಾಲಿನ ಏಳುನೂರೈವತ್ತು ಬೇರೆ ಕೇಳಿದ್ದಾನೆ. ಎಲ್ಲಿಂದ ತರಲಿ? ಊರಿನವರು ಯಾರಾದರೂ ಕೊಟ್ಟರೂ ಹನ್ನೆರಡು ಗಂಟೆಯೊಳಗೆ ಆಗುವ ಮಾತಲ್ಲ.

"ಟೋಕನ್ ಅಂದ್ರಿ ನೀವು. ಓಡಾಟ ಅನ್ಲಿಲ್ಲ" ಎಂದಳು.

"ಮುನಿರಾಜಪ್ಪ, ಈ ಜಗಲಿ ಮೇಲೆ ಹನ್ನೆರಡು ವರ್ಷದಿಂದ ನಿನ್ನ ನೋಡ್ತಾ ಇದೀನಿ" ಎಂದರು ಕರೀಂ, ಯಂತ್ರದಿಂದ ಕಣ್ಣೆತ್ತದೆ. "ರುಜು ಬಿದ್ದ ಮೇಲೆ ಕಮಿಷನ್. ಅದಕ್ಕೆ ಮೊದಲು ತಗೊಂಡದ್ದು ಮಾಲೀಕರದು. ನೀನೇ ಹೊಸಬರಿಗೆ ಹೇಳ್ಕೊಡೋ ಮಾಮೂಲು ಇದು, ಮರೆತುಹೋಯ್ತಾ?"

"ನೀನು ಹೊಡಿ ಸಾಬೀ, ಮಧ್ಯ ಬರ್ಬೇಡ."

"ಮಧ್ಯ ಬರೋ ಹಾಗೇ ಇಲ್ಲ. ನಡುವೆ ನಿಂತೋರು ನೀವೇ ಅಲ್ವಾ!" ಎಂದರು ಶಾಂತಕುಮಾರಿ.

ಯಜ್ಞನಾರಾಯಣರಿಗೆ ಕೋಪ ಏರಿತ್ತು. "ನೋಡಮ್ಮಾ ಸುಭದ್ರಮ್ಮ. ಬೋರ್ಡ್ ಹಾಕಿದ್ದು ನಾನು. ಈತನನ್ನ ಕರೆದಿದ್ದು ನಾನಲ್ಲ. ಈತನ್ನ ಬಿಟ್ಟುಬಿಡಿ. ನೀವು ನನಗೆ ಅಡ್ವಾನ್ಸ್ ಕೊಡಿ, ನಾನು ನಿಮಗೆ ಬೀಗದಕೈ ಕೊಡ್ತೀನಿ. ನೀವೂ ಕಮಿಷನ್ ಕೊಡ್ಬೇಡಿ, ನಾನೂ ಕೊಡಲ್ಲ. ಏನಂತೀರಿ?"

ಹದಿನೈದು ಸಾವಿರ ಕೊಟ್ಟರೆ ಮನೆ. ಚೀಲದಲ್ಲಿ ಐನೂರು ಉಳಿಯುತ್ತದೆ. ಹೂಂ ಎಂದರೆ ಮುಗಿಯಿತು.

ಮುನಿರಾಜಪ್ಪ ಎದ್ದು ನಿಂತ. ಅವಳನ್ನೇ ನೋಡುತ್ತ ನಿಧಾನವಾಗಿ, "ಹೂಂ ಅನ್ನಿ ಅಕ್ಕ. ಆಮೇಲೆ ನಾನೂ ಸಾರ್‌ಗೆ ಒಂದು ವಿಷಯ ಹೇಳೋದಿದೆ" ಎಂದ.

ಸುಭದ್ರಮ್ಮ ಚೀಲವನ್ನು ಇನ್ನಷ್ಟು ಬಿಗಿ ಹಿಡಿದಳು. ಅವನು ಹೇಳಿದರೆ ತಾನು ಕಳ್ಳಿಯಾಗುತ್ತಾಳೆ. ದುಡ್ಡು ಕೊಟ್ಟು ಅವನ ಬಾಯಿ ಮುಚ್ಚಿಸಿದರೆ, ವಾಸಕ್ಕೆ ಮಾತ್ರ ಎಂಬ ಸಾಲಿನ ಕೆಳಗೆ ತಾನೇ ರುಜು ಹಾಕಿ, ದಿನಾ ಬೆಳಗ್ಗೆ ಕದ ಮುಚ್ಚಿಕೊಂಡು ರೊಟ್ಟಿ ಬಡಿಯಬೇಕು. ಕದ ಮುಚ್ಚಿದರೆ ಸದ್ದು ಮುಚ್ಚುತ್ತದೆಯೇ? ಒಂದು ವಾರ. ಹೆಚ್ಚೆಂದರೆ ಎರಡು. ಆಮೇಲೆ ಮತ್ತೆ ಪಾತ್ರೆ ಕಟ್ಟು.

"ಅವರು ಹೇಳೋದು ಬ್ಯಾಡ್ರಿ. ನಾನೇ ಹೇಳ್ತೀನಿ" ಎಂದಳು. "ನಾ ಜೋಳದ ರೊಟ್ಟಿ ಮಾಡಿ ಮಾರ್ತೀನ್ರಿ. ದಿನಕ್ಕ ನೂರೈವತ್ತು. ಇಂದಿರಾನಗರದಾಗ ನಮ್ಮ ಕಡಿ ಹುಡುಗರು ಉಣ್ಣೋ ಮೆಸ್ ಅದ, ಅಲ್ಲಿಗಿ ಕೊಡ್ತೀನಿ. ಇದು ನಿಮಗ ಗೊತ್ತದ ಅಂತ ನಾ ತಿಳಕೊಂಡಿದ್ದೆ. ವಾಸಕ್ಕ ಮಾತ್ರ ಅಂತ ಬರೀಬ್ಯಾಡ್ರಿ ಸಾಹೇಬ್ರ. ರೊಟ್ಟಿ ಮಾಡಬಹುದು ಅಂತ ಬರೀರಿ. ಆಗಂಗಿಲ್ಲ ಅಂದ್ರ ಈಗೇ ಅನ್ರಿ, ನಾ ಏಳ್ತೀನಿ."

ಯಜ್ಞನಾರಾಯಣರು ಹಾಳೆಗಳನ್ನು ಫೈಲಿಗೆ ಸೇರಿಸಿದರು. "ಸರಿಹೋಯ್ತು. ಕಾರ್ಖಾನೆ. ನಡಿ ಶಾಂತಾ. ಇದೆಲ್ಲ ನಮಗೆ ಬೇಡ."

ಸ್ಕೂಟರಿನವರೆಗೂ ಹೋದರು. ಸುಭದ್ರಮ್ಮ ಮನಸ್ಸಿನಲ್ಲೇ ದಿನ ಎಣಿಸಿದಳು. ಮೂವತ್ತೊಂದಕ್ಕೆ ಮೂರು ದಿನ. ಹಿಟ್ಟಿನ ಡಬ್ಬ, ಹಂಚು, ಗ್ಯಾಸಿನ ಒಲೆ ಎಲ್ಲವನ್ನೂ ಎಲ್ಲಿ ಇಳಿಸುವುದು?

ಶಾಂತಕುಮಾರಿ ಮಾತ್ರ ಬೆಂಚಿನಿಂದ ಏಳಲಿಲ್ಲ. "ಸೌದೆ ಒಲೆಯಾ?" ಎಂದು ಕೇಳಿದರು.

"ಗ್ಯಾಸ್ ರಿ ಅಕ್ಕೋರ. ಎರಡು ಸಿಲಿಂಡರ್ ಅವ."

"ತಗೊಳ್ಳೋರು ಮನೆ ಬಾಗಿಲಿಗೆ ಬರ್ತಾರಾ?"

"ಇಲ್ರಿ. ನಾನೇ ಬುಟ್ಟ್ಯಾಗ ಹೊತ್ತು ಹೋಗ್ತೀನಿ. ಒಬ್ರೂ ಗೇಟಿಗೆ ಬರಂಗಿಲ್ಲ."

"ಎಷ್ಟು ಗಂಟೆಗೆ ಶುರು ಮಾಡ್ತೀರಿ?"

"ನಾಲ್ಕಕ್ಕ ರಿ."

"ಬೆಳಗಿನ ಜಾವ ನಾಲ್ಕಾ!" ಯಜ್ಞನಾರಾಯಣರು ಅಲ್ಲಿಂದಲೇ ಕೂಗಿದರು. "ಆ ಗೋಡೆಗೆ ಅಂಟಿಕೊಂಡೇ ನನ್ನ ಮಂಚ ಇರೋದು. ಬಡಬಡ ಬಡಬಡ ಅಂತ ಬಡಿದ್ರೆ..."

"ನೀವು ಐದಕ್ಕೆ ಎದ್ದು ರೇಡಿಯೋ ಹಾಕ್ತೀರಲ್ಲ, ನಾನು ಏನಾದ್ರೂ ಕಾರ್ಖಾನೆ ಅಂತೀನಾ?" ಎಂದರು ಶಾಂತಕುಮಾರಿ. ಸುಭದ್ರಮ್ಮನ ಕಡೆ ತಿರುಗಿ, "ಆರಕ್ಕೆ ಮುಂಚೆ ಬೇಡ" ಎಂದರು.

"ಹತ್ತಕ್ಕ ಮೆಸ್ಸಿಗಿ ಮುಟ್ಟಬೇಕ್ರಿ. ಆರಕ್ಕ ಕುಂತ್ರ ನೂರೈವತ್ತು ಆಗಂಗಿಲ್ಲ. ಐದಕ್ಕ ಬಿಡ್ರಿ."

"ಆರು."

ಸುಭದ್ರಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ಆರಕ್ಕೆ ಕೂತರೆ ಒಂಬತ್ತೂವರೆಯೊಳಗೆ ನೂರು, ನೂರಹತ್ತು. ನಲವತ್ತು ರೊಟ್ಟಿ ಹೋಯಿತು. ದಿನಕ್ಕೆ ನಲವತ್ತು ಅಂದರೆ ತಿಂಗಳಿಗೆ ಎಷ್ಟಾಗುತ್ತದೆಂದು ಮುಂದೆ ಎಣಿಸಲು ಧೈರ್ಯ ಬರಲಿಲ್ಲ. "ಆಗಲ್ರಿ. ಆರು" ಎಂದಳು.

ಯಜ್ಞನಾರಾಯಣರು ವಾಪಸು ಬಂದರು. ಕೂರಲಿಲ್ಲ. "ವ್ಯಾಪಾರ ಅಂದ್ಮೇಲೆ ಬಾಡಿಗೆ ಇದೇ ಆಗಲ್ಲ. ಸಾವಿರದ ಏಳ್ನೂರು."

ಆಗ ಯಾರೂ ಎಣಿಸದ ಹಾಗೆ ಮುನಿರಾಜಪ್ಪ ಬಾಯಿ ಹಾಕಿದ. ವ್ಯವಹಾರ ಮುರಿದರೆ ಕರೀಂ ಸಾಬರ ಮುಂದೆಯೇ ಆ ಸಾವಿರ ತೆಗೆದಿಡಬೇಕಾಗುತ್ತದೆಂದು ಅವನಿಗೆ ಗೊತ್ತಾಗಿತ್ತು.

"ಸಾರ್, ಸಾರ್. ಅಂಗಡಿ ಬಾಡಿಗೆ ಹಾಕ್ಬೇಡಿ. ಔಟ್‌ಹೌಸ್ ಅದು, ಶೀಟಿನ ಮನೆ. ಎರಡು ತಿಂಗಳಿಂದ ಖಾಲಿ ಬಿದ್ದಿದೆ. ನಿಮ್ಮ ಬೋರ್ಡ್ ಮೇಲೆ ಪಾರಿವಾಳ ಕೂರ್ತಿತ್ತೇ ಹೊರತು ಪಾರ್ಟಿ ಬಂದಿರ್ಲಿಲ್ಲ. ಇಂಥ ಬಾಡಿಗೆಯೋರು ಸಿಕ್ತಾರಾ? ಬಾಯಿಬಿಟ್ಟು ನಿಜ ಹೇಳ್ತವ್ರೆ."

"ನಿನಗಿಂತ ವಾಸಿ" ಎಂದರು ಯಜ್ಞನಾರಾಯಣ.

"ಅದೇ ಸಾರ್ ನಾನೂ ಹೇಳ್ತಿರೋದು. ಸಾವಿರದ ಆರ್ನೂರು ಮಾಡಿ. ಅಡ್ವಾನ್ಸ್ ಮಾತ್ರ ಹದಿನೈದೇ ಇರ್ಲಿ."

ಗಂಡ ಹೆಂಡತಿ ಮುಖ ನೋಡಿಕೊಂಡರು. ಯಜ್ಞನಾರಾಯಣರು ಕೂತರು. "ಸರಿ. ನಿನ್ನ ಕಮಿಷನ್ ಏನು ಹೇಳು, ಬಾಯಲ್ಲಿ ಬೇಡ, ಬರೆಸು."

"ಅಕ್ಕ ಒಂದು ತಿಂಗಳು, ಸಾವಿರದ ಆರ್ನೂರು. ನೀವು ಅರ್ಧ, ಎಂಟ್ನೂರು."

"ಮಾತಾಡಿದ್ದು ಸಾವಿರದ ಐನೂರಿಗೆ. ಆವಾಗ ನನ್ನದು ಸಾವಿರದ ಐನೂರೇ" ಎಂದಳು ಸುಭದ್ರಮ್ಮ. "ಅದರಾಗ ನೀವು ತಗೊಂಡ ಸಾವಿರ ಸೇರ್ತದ. ಉಳಿದದ್ದು ಐನೂರು. ಓಡಾಟ, ಪೆಟ್ರೋಲ್ ಎಲ್ಲ ಅದರಾಗೇ. ಕೊಡಂಗಿಲ್ಲ ಅನ್ನೋದಿಲ್ಲ ನಾನು. ಈ ಮನಿ ನೀವು ತೋರಿಸದಿದ್ರ ನನಗ ಗೊತ್ತಾಗ್ತಿದ್ದಿಲ್ಲ."

ಮುನಿರಾಜಪ್ಪ ಯಜ್ಞನಾರಾಯಣರ ಕಡೆ ತಿರುಗಿದ. "ಸಾರ್ ನೀವು?"

"ಐನೂರು. ರೊಟ್ಟಿ ಮುಚ್ಚಿಟ್ಟಿದ್ದಕ್ಕೆ ಮುನ್ನೂರು ಕಡಿತ. ಮುಂದೆ ಕರಾರು ಹೊಸದು ಮಾಡುವಾಗ ರಿನ್ಯೂವಲ್ ಕಮಿಷನ್ ಅಂತ ಇಬ್ಬರ ಹತ್ರಾನೂ ಬರಬಾರದು."

"ಅಯ್ಯೋ, ಹನ್ನೊಂದು ತಿಂಗಳಿಗೊಂದ್ಸಲ ಅದೇ ಸಾರ್ ನಮಗೆ..."

"ಬರಬಾರದು."

ಕರೀಂ ಒಂದು ಬಿಳಿ ಹಾಳೆ ಸಿಕ್ಕಿಸಿ ಬೇರೆಯೇ ರಸೀದಿ ಹೊಡೆದರು. ಸುಭದ್ರಮ್ಮನಿಂದ ಮೊದಲು ಪಡೆದ ಸಾವಿರ ಸೇರಿ ಸಾವಿರದ ಐನೂರು, ಯಜ್ಞನಾರಾಯಣರಿಂದ ಐನೂರು, ಈ ಮನೆಯ ದಲ್ಲಾಳಿ ಬಾಬ್ತು ಪೂರ್ತಿ ಸಂದಿದೆ, ಮುಂದೆ ಏನೂ ಬಾಕಿ ಇಲ್ಲ. "ಇಷ್ಟು ವರ್ಷದಲ್ಲಿ ಒಬ್ರೂ ನನ್ನ ಹತ್ರ ರಸೀದಿ ಬರೆಸಿರ್ಲಿಲ್ಲ" ಎಂದು ಗೊಣಗುತ್ತ ಮುನಿರಾಜಪ್ಪ ರುಜು ಹಾಕಿದ. ಕರಾರಿಗೆ ಸಾಕ್ಷಿ ಹಾಕುವುದೂ ಅವನ ಕೆಲಸವೇ.

ಆಮೇಲೆ ಆ ಸಾಲು. ಯಜ್ಞನಾರಾಯಣರು ಹೇಳಿದರು, ಕರೀಂ ಹೊಡೆದರು: "ಬಾಡಿಗೆದಾರರು ಸದರಿ ಮನೆಯಲ್ಲಿ ವಾಸದ ಜೊತೆಗೆ ಗ್ಯಾಸಿನ ಒಲೆಯಲ್ಲಿ ಜೋಳದ ರೊಟ್ಟಿ ತಯಾರಿಸಿ ಹೊರಗೆ ಒಯ್ದು ಮಾರಲು ಮಾಲೀಕರ ಒಪ್ಪಿಗೆ ಇರುತ್ತದೆ. ಬೆಳಗ್ಗೆ ಆರು ಗಂಟೆಗೆ ಮುಂಚೆ ರೊಟ್ಟಿ ಬಡಿಯತಕ್ಕದ್ದಲ್ಲ. ನೆರೆಹೊರೆಯವರಿಂದ ದೂರು ಬಂದಲ್ಲಿ ಒಂದು ತಿಂಗಳೊಳಗೆ ಮನೆ ಖಾಲಿ ಮಾಡತಕ್ಕದ್ದು."

"ದೂರು ಅಂದ್ರ ಹ್ಯಾಂಗ್ರಿ?" ಎಂದಳು ಸುಭದ್ರಮ್ಮ. "ಯಾರರೆ ಕಂಪೌಂಡ್ ಮ್ಯಾಲಿಂದ ಒಂದು ಮಾತು ಅಂದ್ರ ನಾ ಹೋಗಬೇಕಾ? ಬರೆದು ಕೊಟ್ಟ ದೂರು ಅಂತ ಹಾಕ್ರಿ."

"ಬರೆದು ಕೊಡೋಕೆ ಆ ಪಕ್ಕದಮನೆ ಪುಣ್ಯಾತ್ಮನಿಗೆ ಸೋಮಾರಿತನ" ಎಂದರು ಶಾಂತಕುಮಾರಿ. "ಹಾಕಿ ಸಾಬ್ರೆ."

ಸುಭದ್ರಮ್ಮ ಹಾಳೆ ಕೈಗೆ ತೆಗೆದುಕೊಂಡು ಮೊದಲಿನಿಂದ ಓದಿದಳು. ಪ್ರತಿ ಪದದ ಕೆಳಗೆ ಬೆರಳು. ಯಜ್ಞನಾರಾಯಣರು ಎರಡು ಸಲ ಗಡಿಯಾರ ನೋಡಿಕೊಂಡರು. ಓದಿ ಮುಗಿಸಿ ರುಜು ಹಾಕಿದಳು. ಹದಿನೈದು ಸಾವಿರ ಎಣಿಸಿ ಕೊಟ್ಟಳು, ಐನೂರು ಮುನಿರಾಜಪ್ಪನಿಗೆ. ಬಿಳಿ ಬಟ್ಟೆ ಬರಿದಾಯಿತು. ಕಾಗದ ಮತ್ತು ಟೈಪಿನ ಖರ್ಚನ್ನು ಯಜ್ಞನಾರಾಯಣರು ಇಬ್ಬರಿಗೂ ಸಮ ಹಂಚಿದರು. ಬಸ್ಸಿಗೆಂದು ಇಟ್ಟುಕೊಂಡಿದ್ದ ಚಿಲ್ಲರೆ ಅಲ್ಲಿಗೆ ಹೋಯಿತು. ಅವಳು ಕರಾರಿನ ಜೆರಾಕ್ಸನ್ನು ಚೀಲದಲ್ಲಿಟ್ಟುಕೊಂಡು ಹಲಸೂರಿನಿಂದ ಇಂದಿರಾನಗರದ ಮೆಸ್ಸಿನವರೆಗೆ ನಡೆದೇ ಹೋದಳು. ಇನ್ನು ಮುಂದೆ ನೂರಹತ್ತು ಎಂದು ಅಲ್ಲಿ ಹೇಳಬೇಕಿತ್ತು. ಒಪ್ಪದಿದ್ದರೆ ಎಂಬ ಹೊಸ ದಿಗಿಲು ಅವಳ ಜೊತೆಗೇ ನಡೆಯಿತು. ಮೆಸ್ಸಿನವನು ಮುಖ ಗಂಟಿಕ್ಕಿದ, ಒಪ್ಪಿದ.

ಮೂವತ್ತೊಂದರ ಸಂಜೆ ಗಂಡ ಹೆಂಡತಿ ಟೆಂಪೋದಲ್ಲಿ ಸಾಮಾನು ತಂದರು. ಒಂದನೇ ತಾರೀಕು ಬೆಳಗ್ಗೆ ಸುಭದ್ರಮ್ಮ ನಾಲ್ಕಕ್ಕೇ ಎದ್ದಳು, ರೂಢಿ. ನೀರು ಕಾಯಿಸಿ, ಹಿಟ್ಟು ನಾದಿ, ಹಂಚು ಇಟ್ಟು ಕಾದು ಕೂತಳು. ಗೋಡೆಯ ಆಚೆ ರೇಡಿಯೋ ಹಾಡಿತು. ಪಾತ್ರೆಯ ಸದ್ದಾಯಿತು. ಅವಳು ತನ್ನ ಟೈಂಪೀಸನ್ನೇ ನೋಡುತ್ತಿದ್ದಳು. ದೊಡ್ಡ ಮುಳ್ಳು ಹನ್ನೆರಡಕ್ಕೆ ಬಂದದ್ದೇ ಮೊದಲ ರೊಟ್ಟಿ ಬಡಿದಳು. ಎರಡನೆಯದನ್ನು ತಿರುವಿ ಹಾಕುವಷ್ಟರಲ್ಲಿ ಬಾಗಿಲು ತಟ್ಟಿದರು.

ಯಜ್ಞನಾರಾಯಣರು ಬನಿಯನ್ನಿನಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಕೈಗಡಿಯಾರ, ಇನ್ನೊಂದರಲ್ಲಿ ಕರಾರು.

"ಏಳು ನಿಮಿಷ ಇದೆ ಇನ್ನೂ."

ಸುಭದ್ರಮ್ಮ ಒಳಗೆ ಹೋಗಿ ಟೈಂಪೀಸು ತಂದು ತೋರಿಸಿದಳು. "ನಮ್ಮದರಾಗ ಆಗ್ಯದ್ರಿ ಸಾಹೇಬ್ರ. ಆರು ಆದ ಮ್ಯಾಲೇ ಬಡಿದೀನಿ, ದೇವರಾಣಿ. ಯಾರ ಗಡಿಯಾರ ಅಂತ ಅದರಾಗ ಬರೆದಿಲ್ಲಲ್ಲ."

ಅವರು ಕರಾರನ್ನು ಬಿಡಿಸಿ, ಆ ಷರತ್ತನ್ನು ಹುಡುಕಿ, ತುಟಿ ಅಲ್ಲಾಡಿಸುತ್ತ ಓದಿದರು. ಮತ್ತೊಮ್ಮೆ ಓದಿದರು. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಇಂಥ ಸಾಲುಗಳನ್ನೇ ಓದಿದ ಮನುಷ್ಯ.

"ಬರೆದಿಲ್ಲ" ಎಂದು ಒಪ್ಪಿಕೊಂಡರು.

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತ್ತು. ಅದನ್ನು ತೆಗೆಯಲು ಓಡಬೇಕೋ ನಿಲ್ಲಬೇಕೋ ತಿಳಿಯದೆ ಅವಳು ಹೊಸ್ತಿಲಲ್ಲೇ ನಿಂತಿದ್ದಳು. ಅವರು ಟೈಂಪೀಸನ್ನು ಅವಳ ಕೈಯಿಂದ ತೆಗೆದುಕೊಂಡು, ಹಿಂದಿನ ತಿರುಪು ತಿರುಗಿಸಿ, ತಮ್ಮ ಕೈಗಡಿಯಾರ ನೋಡಿ ನೋಡಿ ಮುಳ್ಳನ್ನು ಹಿಂದಕ್ಕೆ ಸರಿಸಿದರು.

"ಈಗ ಸರಿ ಇದೆ. ಇವತ್ತಿನದು ಬಿಡಿ, ಶುರು ಮಾಡಿಬಿಟ್ಟಿದ್ದೀರಲ್ಲ, ಮುಂದುವರಿಸಿ" ಎಂದು ಟೈಂಪೀಸು ವಾಪಸು ಕೊಟ್ಟರು. ಎರಡು ಹೆಜ್ಜೆ ಹೋಗಿ ತಿರುಗಿದರು. "ಒಂದು ಎಷ್ಟಕ್ಕೆ ಕೊಡ್ತೀರಿ?"